ಧೂಪದ ಹೊಗೆ: ನೆರೆಮನೆಯ ಹಿರಿಯರಿಗೊಂದು ಪತ್ರ

ಪಟ್ಟಣಗಳಲ್ಲಿ ಮನೆಗಳು ಒಂದರ ಮೇಲೊಂದು ಏರತೊಡಗಿದ ಮೇಲೆ ಈ ವಿಭಾಗಕ್ಕೆ ಬರುವ ಪ್ರಶ್ನೆಗಳ ಸ್ವರೂಪವೂ ಬದಲಾಗಿದೆ. ಹೆಂಚಿನ ಮನೆಯಲ್ಲಿ ಹಚ್ಚಿದ ಊದುಬತ್ತಿಯ ಹೊಗೆ ಹೆಂಚಿನ ಸಂದಿನಿಂದ ಹೊರಬಿದ್ದು ಅಂಗಳದ ಗಾಳಿಯಲ್ಲಿ ಕರಗಿಹೋಗುತ್ತಿತ್ತು. ಈಗ ಒಬ್ಬರ ಹೊಸ್ತಿಲಿನಿಂದ ಹೊರಟ ಹೊಗೆ ಇನ್ನೊಬ್ಬರ ಮಲಗುವ ಕೋಣೆಯಲ್ಲಿ ಬಂದು ನಿಲ್ಲುತ್ತದೆ. ದಾವಣಗೆರೆಯ ಸದ್ಭಕ್ತರೊಬ್ಬರು ಇದೇ ವಿಷಯವಾಗಿ ನಮಗೆ ಬರೆದಿದ್ದಾರೆ. ಕೆಳಮನೆಯ ಹಿರಿಯ ತಾಯಿಯವರಿಗೆ ನೋವಾಗದಂತೆ, ಪೂಜೆಗೆ ಅಡ್ಡಿ ಮಾಡುತ್ತಿದ್ದಾರೆಂಬ ಭಾವನೆ ಬಾರದಂತೆ ಒಂದು ಪತ್ರವನ್ನು ಹೇಗೆ ಬರೆಯಬೇಕು ಎಂಬುದು ಅವರ ಪ್ರಶ್ನೆ. ಅವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಆ ಪ್ರಸಂಗವನ್ನೇ ಇಲ್ಲಿ ವಿವರವಾಗಿ ನೋಡೋಣ.

ಅವರದು ನೆಲಮನೆಯ ಮೇಲೆ ಎರಡು ಅಂತಸ್ತುಗಳಿರುವ, ಒಟ್ಟು ಆರು ಸಂಸಾರಗಳು ವಾಸಿಸುವ ಕಟ್ಟಡ. ನಡುವೆ ಎಲ್ಲರಿಗೂ ಒಂದೇ ಮೆಟ್ಟಿಲು. ಪತ್ರ ಬರೆದವರು ಮೇಲಿನ ಅಂತಸ್ತಿನಲ್ಲಿದ್ದಾರೆ. ಅವರ ಒಂಬತ್ತು ವರ್ಷದ ಮಗನಿಗೆ ಮೂರು ವರ್ಷಗಳಿಂದ ಅಸ್ತಮಾ ಇದೆ. ವೈದ್ಯರ ಸಲಹೆಯಂತೆ ದಿನವೂ ಇನ್‌ಹೇಲರ್ ನಡೆದಿದೆ. ಅವರ ನೇರ ಕೆಳಗಿನ ಮನೆಯಲ್ಲಿ ಅರವತ್ತೆಂಟು ವರ್ಷದ ತಾಯಿಯೊಬ್ಬರು ಒಬ್ಬರೇ ಇದ್ದಾರೆ. ಎರಡು ವರ್ಷಗಳ ಹಿಂದೆ ಅವರ ಪತಿ ಲಿಂಗೈಕ್ಯರಾದರು. ಬೆಳಿಗ್ಗೆ ಆರು ಗಂಟೆಗೆ, ಸಂಜೆ ಆರೂವರೆಗೆ ಅವರು ಇಷ್ಟಲಿಂಗ ಪೂಜೆ ಮುಗಿಸಿ ಪತಿಯ ಭಾವಚಿತ್ರದ ಮುಂದೆ ಎರಡು ಊದುಬತ್ತಿ, ಬಾಲ್ಕನಿಯ ಕುಂಡದಲ್ಲಿರುವ ಬಿಲ್ವದ ಸಸಿಯ ಬಳಿ ಎರಡು, ಮುಂಬಾಗಿಲ ಹೊರಗೆ ಹೊಸ್ತಿಲ ಪಕ್ಕದಲ್ಲಿ ಎರಡು ಹಚ್ಚುತ್ತಾರೆ. ಸೋಮವಾರ ಅದರ ಜೊತೆಗೆ ಹೊಸ್ತಿಲಲ್ಲಿ ಕಪ್ ಸಾಂಬ್ರಾಣಿಯೂ ಇರುತ್ತದೆ. ಮೇಲ್ಮನೆಯ ಹುಡುಗನಿಗೆ ವಚನ ಹೇಳಿಕೊಟ್ಟವರು ಈ ತಾಯಿಯವರೇ. ತಂದೆತಾಯಿಗಳು ಕೆಲಸದಿಂದ ತಡವಾಗಿ ಬರುವ ದಿನ ಅವನಿಗೆ ಅನ್ನವಿಕ್ಕುವವರೂ ಅವರೇ. ಆದುದರಿಂದ ಮಗುವಿನ ಉಸಿರು ಒಂದು ಕಡೆ, ಈ ಬಾಂಧವ್ಯ ಇನ್ನೊಂದು ಕಡೆ ಎಂಬ ಇಕ್ಕಟ್ಟಿನಲ್ಲಿ ಆ ಸಂಸಾರ ಆರು ತಿಂಗಳು ಸುಮ್ಮನಿತ್ತು.

ಪತ್ರಕ್ಕೆ ಕೈಹಾಕುವ ಮೊದಲು ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಿರೆಂದು ನಾವು ಅವರಿಗೆ ತಿಳಿಸಿದೆವು: ಮಗುವಿನ ಕೆಮ್ಮಿಗೆ ಈ ಹೊಗೆಯೇ ಕಾರಣವೇ? ಅಸ್ತಮಾ ಇರುವವರ ಶ್ವಾಸನಾಳಗಳ ಒಳಪದರ ಸದಾ ಸ್ವಲ್ಪ ಊದಿಕೊಂಡೇ ಇರುತ್ತದೆ. ಅದನ್ನು ಕೆರಳಿಸುವ ವಸ್ತು ತಗಲಿದ ಕೂಡಲೇ ನಾಳದ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ, ಲೋಳೆ ಹೆಚ್ಚುತ್ತದೆ, ಉಸಿರು ಸಿಳ್ಳೆಯಂತೆ ಕೇಳಿಸುತ್ತದೆ. ಕೆರಳಿಸುವ ವಸ್ತು ಹೊಗೆಯೇ ಆಗಬೇಕೆಂದಿಲ್ಲ. ಹಾಸಿಗೆಯ ಧೂಳು, ನೆಗಡಿ, ಪಾರಿವಾಳದ ಹಿಕ್ಕೆ, ಸ್ವಂತ ಮನೆಯಲ್ಲಿ ಹಚ್ಚಿದ ಸೊಳ್ಳೆಬತ್ತಿ, ಒಣಮೆಣಸಿನಕಾಯಿಯ ಒಗ್ಗರಣೆಯ ಘಾಟು, ಇವುಗಳಲ್ಲಿ ಯಾವುದೂ ಆಗಬಹುದು. ಸೊಳ್ಳೆಬತ್ತಿಯನ್ನು ತಾವೇ ಹಚ್ಚಿಟ್ಟುಕೊಂಡು ನೆರೆಯವರ ಊದುಬತ್ತಿಯ ಮೇಲೆ ದೂರು ಹೊತ್ತು ಬರುವವರೂ ಇಲ್ಲದಿಲ್ಲ. ಕಾರಣ ಬೇರೆಯಾಗಿದ್ದರೆ ಪತ್ರದಿಂದ ಮನಸ್ತಾಪ ಮಾತ್ರ ಹುಟ್ಟುತ್ತದೆ, ಮಗುವಿನ ಕೆಮ್ಮು ಇದ್ದಂತೆಯೇ ಉಳಿಯುತ್ತದೆ.

ಇದನ್ನು ತಿಳಿಯಲು ಒಂದು ನೋಟ್‌ಬುಕ್ ಸಾಕು. ಎರಡು ವಾರ, ದಿನಕ್ಕೆ ಒಂದೇ ಸಾಲು. ಹೊಗೆಯ ವಾಸನೆ ಒಳಗೆ ಬಂದ ಹೊತ್ತು, ಬಂದ ಕೋಣೆ, ಮಗು ಕೆಮ್ಮಿದ ಹೊತ್ತು, ರಾತ್ರಿ ಕೆಮ್ಮಿನಿಂದ ಎಚ್ಚರಗೊಂಡನೇ, ಉಸಿರು ಸಡಿಲಿಸುವ ನೀಲಿ ಇನ್‌ಹೇಲರ್ ಎಷ್ಟು ಬಾರಿ ಬೇಕಾಯಿತು ಎಂಬಿಷ್ಟನ್ನೇ ಬರೆಯಬೇಕು. ಅಂದು ನೆಗಡಿ ಇತ್ತೇ, ಮನೆಯಲ್ಲಿ ಬೇರೇನಾದರೂ ಹೊಗೆ ಆಯಿತೇ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಗುರುತಿಸಬೇಕು. ಈ ಸಂಸಾರದವರು ಹಾಗೆಯೇ ಮಾಡಿದರು. ಅದೃಷ್ಟವಶಾತ್ ಆ ಹದಿನಾಲ್ಕು ದಿನಗಳ ನಡುವೆ ಐದು ದಿನ ಕೆಳಮನೆಯ ತಾಯಿಯವರು ಶಿವಮೊಗ್ಗದ ಮಗಳ ಮನೆಗೆ ಹೋಗಿದ್ದರು. ಅವರು ಊರಿನಲ್ಲಿದ್ದ ಒಂಬತ್ತು ದಿನಗಳಲ್ಲಿ ಮಗು ಆರು ರಾತ್ರಿ ಕೆಮ್ಮಿ ಎದ್ದಿದ್ದ, ನೀಲಿ ಇನ್‌ಹೇಲರ್ ಏಳು ಬಾರಿ ಬೇಕಾಗಿತ್ತು. ಅವರು ಊರಿನಲ್ಲಿಲ್ಲದ ಐದು ದಿನಗಳಲ್ಲಿ ಒಂದು ರಾತ್ರಿ ಮಾತ್ರ ಎದ್ದ, ಇನ್‌ಹೇಲರ್ ಒಮ್ಮೆ ಬೇಕಾಯಿತು. ಹದಿನಾಲ್ಕು ದಿನಗಳ ಲೆಕ್ಕ ಪೂರ್ಣ ಸಾಕ್ಷ್ಯವಲ್ಲ, ನಿಜ. ಆದರೆ ಆ ಎರಡು ವಾರಗಳಲ್ಲಿ ಮಗುವಿಗೆ ನೆಗಡಿ ಇರಲಿಲ್ಲ, ಮನೆಯ ಅಡುಗೆ ಹಾಸಿಗೆಗಳು ಬದಲಾಗಿರಲಿಲ್ಲ, ತಾಯಿಯವರು ಮರಳಿದ ಎರಡನೆಯ ರಾತ್ರಿಯೇ ಕೆಮ್ಮೂ ಮರಳಿತ್ತು. ಪತ್ರ ಬರೆಯಲು ಇಷ್ಟು ಆಧಾರ ಸಾಕೆಂಬುದು ನಮ್ಮ ಅಭಿಪ್ರಾಯ.

ಈ ನೋಟ್‌ಬುಕ್ಕನ್ನು ಮೊದಲು ತೋರಿಸಬೇಕಾದುದು ನೆರೆಯವರಿಗಲ್ಲ, ವೈದ್ಯರಿಗೆ. ನೀಲಿ ಇನ್‌ಹೇಲರ್ ವಾರಕ್ಕೆ ಎರಡು ಬಾರಿಗಿಂತ ಹೆಚ್ಚು ಬೇಕಾಗುತ್ತಿದ್ದರೆ ಅಸ್ತಮಾ ಹತೋಟಿಯಲ್ಲಿಲ್ಲವೆಂದೇ ಅರ್ಥ. ದಿನನಿತ್ಯದ ಔಷಧವನ್ನು ಆಗ ವೈದ್ಯರು ಮರುಪರಿಶೀಲಿಸಬೇಕಾಗುತ್ತದೆ. ಮಗು ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾರದೆ ಹೋದರೆ, ಉಸಿರೆಳೆದಾಗ ಪಕ್ಕೆಲುಬುಗಳ ನಡುವಿನ ಚರ್ಮ ಒಳಸೆಳೆದರೆ, ತುಟಿಗಳು ನೀಲಿಯಾದರೆ ಅದು ಆಸ್ಪತ್ರೆಗೆ ಓಡುವ ಹೊತ್ತು. ಹೊಗೆ ನಿಂತರೆ ಔಷಧ ಬೇಡವಾಗುತ್ತದೆಂದು ಯಾರೂ ಭಾವಿಸಬಾರದು.

ಎರಡನೆಯ ಪ್ರಶ್ನೆ, ಹೊಗೆ ಬರುವ ದಾರಿ ಯಾವುದು ಎಂಬುದು. ಪತ್ರದಲ್ಲಿ ನಾವು ಏನನ್ನು ಕೇಳಬೇಕೆಂಬುದು ಇದರ ಮೇಲೆಯೇ ನಿಂತಿದೆ. ಊದುಬತ್ತಿಯ ತುದಿಯಿಂದ ಏಳುವ ಹೊಗೆ ಬಿಸಿಯಾಗಿರುವುದರಿಂದ ನೇರವಾಗಿ ಮೇಲೇರುತ್ತದೆ. ಆದರೆ ಒಂದೆರಡು ಅಡಿ ಏರುವಷ್ಟರಲ್ಲಿ ಅದರ ಬಿಸಿ ಆರಿರುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಸ್ವಂತ ದಾರಿಯಿಲ್ಲ, ಗಾಳಿ ಕರೆದೊಯ್ದಲ್ಲಿಗೆ ಹೋಗುತ್ತದೆ. ದಾವಣಗೆರೆಯಂತಹ ಬಿಸಿಲ ಊರಿನಲ್ಲಿ ಹಗಲೆಲ್ಲ ಕಾದ ಗೋಡೆಗಳು ಸಂಜೆ ತಮ್ಮ ಕಾವನ್ನು ಒಳಕ್ಕೆ ಬಿಡುತ್ತವೆ, ಹೊರಗಿನ ಗಾಳಿ ಮಾತ್ರ ಬೇಗ ತಂಪಾಗುತ್ತದೆ. ಒಳಗಿನ ಬೆಚ್ಚನೆಯ ಗಾಳಿ ಹಗುರವಾಗಿ ಮೆಟ್ಟಿಲಿನ ಜಾಗದಲ್ಲಿ ಮೇಲೇರುತ್ತದೆ, ಕೆಳಗಿನ ಗೇಟಿನಿಂದ ತಂಪು ಗಾಳಿ ಒಳನುಗ್ಗುತ್ತದೆ. ಅಂದರೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಮೆಟ್ಟಿಲಿನ ಜಾಗವು ಒಂದು ಹೊಗೆಗೂಡಿನಂತೆ ಕೆಲಸ ಮಾಡತೊಡಗುತ್ತದೆ. ಚಳಿಗಾಲದ ಬೆಳಗಿನಲ್ಲಿಯೂ ಹೀಗೆಯೇ. ಬೇಸಿಗೆಯ ನಡುಹಗಲಿನಲ್ಲಿ ಹೊರಗಿನ ಗಾಳಿಯೇ ಬಿಸಿಯಾಗಿರುವುದರಿಂದ ಈ ಸೆಳೆತ ಕುಗ್ಗುತ್ತದೆ, ಕೆಲವೊಮ್ಮೆ ತಿರುವುಮುರುವಾಗುತ್ತದೆ.

ಹೊಗೆಗೂಡಿಗೆ ಮೇಲೆ ಬಾಯಿ ಇರಬೇಕು. ಈ ಕಟ್ಟಡದಲ್ಲಿ ಕಳ್ಳರ ಭಯದಿಂದ ತಾರಸಿಯ ಬಾಗಿಲಿಗೆ ಸದಾ ಬೀಗ. ಮೆಟ್ಟಿಲಿನ ತುದಿಯಲ್ಲಿದ್ದ ಗವಾಕ್ಷಿಗೆ ಮಳೆಯ ಎರಚಲು ಬರುತ್ತದೆಂದು ಯಾರೋ ತಗಡು ಹೊಡೆದಿದ್ದರು. ಮೇಲೇರಿದ ಹೊಗೆ ಹೊರಹೋಗಲು ದಾರಿ ಕಾಣದೆ ಮೇಲಿನ ಅಂತಸ್ತಿನ ಬಾಗಿಲುಗಳ ಮುಂದೆ ಮಡುಗಟ್ಟುತ್ತಿತ್ತು. ಆ ತಾಯಿಯವರ ಮನೆಯ ಮುಂದೆ ನಿಂತರೆ ವಾಸನೆ ಹಿತವಾಗಿ, ತೆಳುವಾಗಿಯೇ ಇರುತ್ತಿತ್ತು. ಅವರು ಹಚ್ಚಿದ ಹೊಗೆ ಅವರಿಗಿಂತ ಮೇಲಿನವರಿಗೆ ದಟ್ಟವಾಗಿ ಮುಟ್ಟುತ್ತಿತ್ತು. ಇಂತಹ ಕಡೆ ಹಚ್ಚಿದವರಿಗೆ ತೊಂದರೆ ತಿಳಿಯದಿರುವುದು ಉದಾಸೀನದಿಂದಲ್ಲ, ಅದು ಅವರ ಮೂಗಿಗೆ ನಿಲುಕುವುದೇ ಇಲ್ಲ. ಪತ್ರ ಬರೆಯುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಬರಹದ ದನಿ ತಾನಾಗಿಯೇ ಮೃದುವಾಗುತ್ತದೆ.

ಬಾಗಿಲಿನವರೆಗೆ ಬಂದ ಹೊಗೆ ಒಳಗೆ ಬರುವುದು ಹೇಗೆ? ಒಂದು ತೆಳ್ಳನೆಯ ಕಾಗದದ ಪಟ್ಟಿಯನ್ನು ಮುಚ್ಚಿದ ಮುಂಬಾಗಿಲಿನ ಕೆಳಗಿನ ಸಂದಿಗೆ ಹಿಡಿದು ನೋಡಿರೆಂದು ನಾವು ತಿಳಿಸಿದ್ದೆವು. ಪಟ್ಟಿ ಒಳಕ್ಕೆ ಬಾಗಿದರೆ ಮೆಟ್ಟಿಲಿನ ಗಾಳಿ ಮನೆಯೊಳಕ್ಕೆ ಬರುತ್ತಿದೆ, ಹೊರಕ್ಕೆ ಬಾಗಿದರೆ ಮನೆಯ ಗಾಳಿ ಹೊರಹೋಗುತ್ತಿದೆ. ಅವರು ಸಂಜೆ ಆರೂವರೆಗೆ ಹಿಡಿದು ನೋಡಿದಾಗ ಪಟ್ಟಿ ಬಲವಾಗಿ ಒಳಕ್ಕೆ ಬಾಗಿತು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ನಿಲ್ಲಿಸಿದ ಕೂಡಲೇ ಪಟ್ಟಿ ಬಹುತೇಕ ಸುಮ್ಮನಾಯಿತು. ಫ್ಯಾನ್ ಗಾಳಿಯನ್ನು ಹೊರದೂಡುತ್ತದೆ, ಅಷ್ಟೇ ಗಾಳಿ ಬೇರೆಲ್ಲಿಂದಲಾದರೂ ಒಳಬರಲೇಬೇಕು. ಕಿಟಕಿಗಳೆಲ್ಲ ಮುಚ್ಚಿದ್ದರೆ ಅದು ಮುಂಬಾಗಿಲಿನ ಸಂದಿಯಿಂದ, ಅಂದರೆ ಹೊಗೆ ಮಡುಗಟ್ಟಿದ ಜಾಗದಿಂದಲೇ ಬರುತ್ತದೆ. ಹೊಗೆ ಬಾರದಿರಲೆಂದು ಕಿಟಕಿ ಮುಚ್ಚಿ, ಅಡುಗೆಗೆಂದು ಫ್ಯಾನ್ ಹಾಕಿ, ಮನೆಯವರು ತಿಳಿಯದೆಯೇ ಹೊಗೆಯನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ರಸ್ತೆಯ ಕಡೆಯ ಕಿಟಕಿಯನ್ನು ನಾಲ್ಕು ಬೆರಳಿನಷ್ಟು ತೆರೆದು, ಮುಂಬಾಗಿಲಿನ ಅಡಿಗೆ ರಬ್ಬರ್ ಪಟ್ಟಿ ಹಚ್ಚಿದ ಮೇಲೆ ಒಳಬರುವ ವಾಸನೆ ಎದ್ದು ಕಾಣುವಷ್ಟು ಇಳಿಯಿತು. ಪತ್ರ ಬರೆಯುವ ಮೊದಲೇ ನಮ್ಮ ಕಡೆಯಿಂದ ಮಾಡಬಹುದಾದುದನ್ನು ಮಾಡಿ ಮುಗಿಸಿದ್ದರೆ ಕೇಳಬೇಕಾದುದೂ ಚಿಕ್ಕದಾಗುತ್ತದೆ.

ಬಾಲ್ಕನಿಯ ದಾರಿ ಬೇರೆ. ಕೆಳಗಿನ ಬಾಲ್ಕನಿಯ ಹೊಗೆ ಮೇಲಿನ ಬಾಲ್ಕನಿಯ ತಳಕ್ಕೆ ತಾಗಿ, ಅಂಚಿನಿಂದ ಹೊರಚಾಚಿ, ಗೋಡೆಯನ್ನು ತಬ್ಬಿಕೊಂಡಂತೆ ಮೇಲೇರುತ್ತದೆ. ಗಾಳಿ ಬಲವಾಗಿ ಬೀಸುವ ದಿನ ಚದುರಿಹೋಗುತ್ತದೆ. ಗಾಳಿಯಿಲ್ಲದ ಸಂಜೆ ನೇರವಾಗಿ ಮೇಲಿನ ಬಾಲ್ಕನಿಯ ತೆರೆದ ಬಾಗಿಲಿಗೆ ಬರುತ್ತದೆ. ಆ ಬಾಗಿಲಿನ ಒಳಗೇ ಮಗುವಿನ ಓದುವ ಮೇಜು, ಹಾಸಿಗೆ ಇದ್ದವು.

ಇಷ್ಟು ಸಣ್ಣ ಕಡ್ಡಿಯಿಂದ ಏನು ಹಾನಿ ಎಂದು ಹಲವರು ಕೇಳುತ್ತಾರೆ. ಊದುಬತ್ತಿ ಉರಿಯುವುದಿಲ್ಲ, ಕನಲುತ್ತದೆ. ಇದ್ದಿಲಪುಡಿ, ಮರದಪುಡಿ, ಅಂಟು, ಸುಗಂಧತೈಲ ಸೇರಿದ ಲೇಪವು ಜ್ವಾಲೆಯಿಲ್ಲದೆ ಅರೆಬರೆ ಸುಡುವುದರಿಂದಲೇ ಅಷ್ಟು ಹೊಗೆ ಏಳುತ್ತದೆ. ಒಂದು ಗ್ರಾಂ ಊದುಬತ್ತಿ ಸುಟ್ಟಾಗ ಸರಾಸರಿ 45 ಮಿಲಿಗ್ರಾಂನಷ್ಟು ಸೂಕ್ಷ್ಮಕಣಗಳು ಗಾಳಿಗೆ ಸೇರುತ್ತವೆಂದು ಅಳೆದವರಿದ್ದಾರೆ. ಒಂದು ಗ್ರಾಂ ಸಿಗರೇಟಿನಿಂದ ಏಳುವುದು ಸುಮಾರು 10 ಮಿಲಿಗ್ರಾಂ. ಈ ಹೋಲಿಕೆ ಕಣಗಳ ತೂಕಕ್ಕೆ ಮಾತ್ರ ಸಂಬಂಧಿಸಿದ್ದು. ಊದುಬತ್ತಿ ಹಚ್ಚುವುದು ಸಿಗರೇಟು ಸೇದಿದಂತೆ ಎಂದು ಅದರಿಂದ ಅರ್ಥಮಾಡಬಾರದು, ಸಿಗರೇಟಿನ ಹೊಗೆಯನ್ನು ಸೇದುವವನು ನೇರ ಪುಪ್ಪುಸಕ್ಕೇ ಎಳೆದುಕೊಳ್ಳುತ್ತಾನೆ. ಆ ಮೆಟ್ಟಿಲಿನ ಜಾಗವನ್ನು ಎಂಟು ಅಡಿ ಅಗಲ, ಹದಿನಾರು ಅಡಿ ಉದ್ದ, ಮೂವತ್ತಮೂರು ಅಡಿ ಎತ್ತರವೆಂದು ಹಿಡಿದರೆ ಅದರಲ್ಲಿ ಸುಮಾರು 120 ಘನಮೀಟರ್ ಗಾಳಿ ಇರುತ್ತದೆ. ತಲಾ ಒಂದು ಗ್ರಾಂ ಲೇಪವಿರುವ ಎರಡು ಕಡ್ಡಿಗಳ 90 ಮಿಲಿಗ್ರಾಂ ಕಣಗಳು ಹೊರಹೋಗದೆ ಅಲ್ಲಿಯೇ ಹರಡಿದರೆ, ಪ್ರತಿ ಘನಮೀಟರಿಗೆ 750 ಮೈಕ್ರೋಗ್ರಾಂ ಆಗುತ್ತದೆ. ಅತಿಸೂಕ್ಷ್ಮ ಕಣಗಳಿಗೆ ನಮ್ಮ ದೇಶ ಹಾಕಿಕೊಂಡಿರುವ ಇಪ್ಪತ್ತನಾಲ್ಕು ಗಂಟೆಗಳ ಸರಾಸರಿ ಮಿತಿ 60 ಮೈಕ್ರೋಗ್ರಾಂ. ನಿಜದಲ್ಲಿ ಹೊಗೆಯ ಬಹುಪಾಲು ಸಂದಿಗೊಂದಿಗಳಿಂದ ಹೊರಹೋಗುತ್ತದೆ, ಗೋಡೆಗೆ ಅಂಟುತ್ತದೆ, ಗಂಟೆಯೊಳಗೆ ತಗ್ಗುತ್ತದೆ. ಆದ್ದರಿಂದ ಈ ಎರಡು ಅಂಕಿಗಳನ್ನು ನೇರವಾಗಿ ತೂಗಲಾಗದು. ಆದರೂ ಗಾಳಿಯಾಡದ ಕಡೆ ಎರಡೇ ಕಡ್ಡಿಗಳು ಸಾಕೆಂಬುದು ಇದರಿಂದ ತಿಳಿಯುತ್ತದೆ. ಕಪ್ ಸಾಂಬ್ರಾಣಿಯಲ್ಲಿ ಸುಡುವ ವಸ್ತು ಹಲವು ಕಡ್ಡಿಗಳಷ್ಟಿರುವುದರಿಂದ ಹೊಗೆಯೂ ಅಷ್ಟೇ ಹೆಚ್ಚು.

ಪೊಟ್ಟಣದ ಮೇಲೆ ‘ನೈಸರ್ಗಿಕ’, ‘ಇದ್ದಿಲರಹಿತ’ ಎಂದಿದ್ದರೆ ಸುಗಂಧದ ರಾಸಾಯನಿಕಗಳು ಕಡಿಮೆಯಿರಬಹುದು. ಆದರೆ ಕನಲುವ ವಸ್ತು ಯಾವುದೇ ಇರಲಿ, ಕಣಗಳು ಬಂದೇ ಬರುತ್ತವೆ. ಬ್ರಾಂಡ್ ಬದಲಿಸಿರೆಂದು ನೆರೆಯವರನ್ನು ಕೇಳುವುದರಿಂದ ಹೆಚ್ಚಿನ ಲಾಭವಿಲ್ಲ. ಜಾಗ ಬದಲಿಸುವುದು, ಸಂಖ್ಯೆ ಇಳಿಸುವುದು, ಈ ಎರಡರಿಂದಲೇ ನಿಜವಾದ ಲಾಭ. ಇನ್ನೊಂದು ಮಾತು. ಸಿಂಗಪುರದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹಲವು ವರ್ಷ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಮನೆಯಲ್ಲಿ ದೀರ್ಘಕಾಲ ಧೂಪ ಹಚ್ಚುವವರಲ್ಲಿ ಶ್ವಾಸಮಾರ್ಗದ ಮೇಲ್ಭಾಗದ ಕೆಲವು ಕ್ಯಾನ್ಸರ್‌ಗಳು ಹೆಚ್ಚೆಂದು ಕಂಡಿತ್ತು. ಅದು ದಶಕಗಳ ಕಾಲ ತಮ್ಮದೇ ಮನೆಯೊಳಗೆ ಹಚ್ಚುವವರ ಮಾತು. ಕೆಳಮನೆಯಿಂದ ಅರ್ಧ ಗಂಟೆ ತೇಲಿಬರುವ ಹೊಗೆಗೆ ಅದನ್ನು ಅನ್ವಯಿಸಿ ಪತ್ರದಲ್ಲಿ ಕ್ಯಾನ್ಸರಿನ ಹೆಸರೆತ್ತುವುದು ಅಪ್ರಾಮಾಣಿಕವೂ ಹೌದು, ಪತಿಯನ್ನು ಕಳೆದುಕೊಂಡ ವೃದ್ಧೆಯ ಮನಸ್ಸಿಗೆ ಕ್ರೂರವೂ ಹೌದು.

ಇನ್ನು ಪೂಜೆಯ ವಿಷಯ. ಜಲ, ಗಂಧ, ಅಕ್ಷತೆ, ಪುಷ್ಪ, ಧೂಪ, ದೀಪ, ನೈವೇದ್ಯ, ತಾಂಬೂಲ ಎಂಬ ಅಷ್ಟವಿಧಾರ್ಚನೆಯಲ್ಲಿ ಧೂಪವೂ ಒಂದು. ಅದನ್ನು ಬಿಡಿರೆಂದು ಕೇಳುವ ಅಧಿಕಾರ ನೆರೆಯವರಿಗಿಲ್ಲ, ಕೇಳುವ ಅಗತ್ಯವೂ ಇಲ್ಲ. ಇಷ್ಟಲಿಂಗ ಪೂಜೆ ಅಂಗೈಯಲ್ಲಿ ನಡೆಯುವಂಥದ್ದು. ಅಲ್ಲಿ ಅರ್ಪಿಸುವ ಧೂಪಕ್ಕೂ ಮುಂಬಾಗಿಲ ಹೊರಗೆ, ಬಾಲ್ಕನಿಯ ಕುಂಡದ ಬಳಿ ಹಚ್ಚುವ ಕಡ್ಡಿಗಳಿಗೂ ವ್ಯತ್ಯಾಸವಿದೆ. ತೊಂದರೆ ಕೊಡುತ್ತಿದ್ದುದು ಎರಡನೆಯದು ಮಾತ್ರ. ಪತಿಯ ಭಾವಚಿತ್ರದ ಮುಂದಿನ ಎರಡು ಕಡ್ಡಿಗಳಿಂದ ಮೇಲ್ಮನೆಗೆ ಏನೂ ಆಗುತ್ತಿರಲಿಲ್ಲ. ಆದುದರಿಂದ ಪತ್ರದಲ್ಲಿ ಅವುಗಳ ಮಾತನ್ನೇ ಎತ್ತಬೇಡಿರೆಂದು ನಾವು ಸೂಚಿಸಿದೆವು. ಒಟ್ಟಾರೆ ‘ಊದುಬತ್ತಿ ಕಡಿಮೆ ಮಾಡಿ’ ಎಂದು ಬರೆದಿದ್ದರೆ ಆ ತಾಯಿಯವರು ಮೊದಲು ಕೈಬಿಡುತ್ತಿದ್ದುದು ಬಹುಶಃ ಆ ಎರಡನ್ನೇ, ಒಳಗೊಳಗೇ ನೊಂದುಕೊಂಡು.

ಹಲವು ತಿದ್ದುಪಡಿಗಳ ಬಳಿಕ ಸಿದ್ಧವಾದ ಪತ್ರ ಹೀಗಿದೆ.

“ಪೂಜ್ಯ ದೊಡ್ಡಮ್ಮನವರಿಗೆ ಶರಣು ಶರಣಾರ್ಥಿಗಳು.

ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ನಂಬಿದ್ದೇವೆ. ಎದುರಿಗೆ ಹೇಳಲು ಸಂಕೋಚವಾಗಿ, ಮಾತು ತಪ್ಪಿ ತಮಗೆ ನೋವಾದೀತೆಂದು ಹೆದರಿ ಈ ನಾಲ್ಕು ಸಾಲು ಬರೆಯುತ್ತಿದ್ದೇವೆ.

ನಮ್ಮ ಮಗನಿಗೆ ಉಬ್ಬಸ ಇರುವುದು ತಮಗೆ ತಿಳಿದೇ ಇದೆ. ಈಚೆಗೆ ರಾತ್ರಿ ಕೆಮ್ಮಿ ಏಳುವುದು ಹೆಚ್ಚಾಗಿದೆ. ಯಾವ ಹೊಗೆಯೂ ಅವನಿಗೆ ಆಗುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಹೊಗೆ ಎಲ್ಲೆಲ್ಲಿಂದ ಬರುತ್ತದೆಂದು ನೋಡಿದಾಗ ನಮ್ಮ ಮನೆಯದೇ ಮೊದಲು ಕಂಡಿತು. ಸೊಳ್ಳೆಬತ್ತಿ ನಿಲ್ಲಿಸಿ ಸೊಳ್ಳೆಪರದೆ ಕಟ್ಟಿದ್ದೇವೆ. ನಮ್ಮ ಅಡುಗೆಮನೆಯ ಫ್ಯಾನು ಮೆಟ್ಟಿಲಿನ ಗಾಳಿಯನ್ನು ಒಳಕ್ಕೆ ಎಳೆಯುತ್ತಿತ್ತು, ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿಸಿ ಅದನ್ನೂ ಸರಿಮಾಡಿದ್ದೇವೆ. ಮೆಟ್ಟಿಲಿನ ಮೇಲಿನ ಗವಾಕ್ಷಿ ಮುಚ್ಚಿಹೋಗಿರುವುದರಿಂದ ಮೆಟ್ಟಿಲಲ್ಲಿ ಏಳುವ ಹೊಗೆಯೆಲ್ಲ ನಮ್ಮ ಬಾಗಿಲ ಮುಂದೆ ನಿಲ್ಲುತ್ತದೆ. ಅದು ಕೆಳಗೆ ತಮಗೆ ಕಾಣುವಂತೆಯೇ ಇಲ್ಲ.

ತಮ್ಮಲ್ಲಿ ಎರಡು ಬೇಡಿಕೆ. ಹೊಸ್ತಿಲ ಹೊರಗೆ ಹಚ್ಚುವ ಊದುಬತ್ತಿ ಮತ್ತು ಸೋಮವಾರದ ಸಾಂಬ್ರಾಣಿಯನ್ನು ಬಾಗಿಲ ಒಳಗೆ, ರಸ್ತೆಯ ಕಡೆಯ ಕಿಟಕಿಯ ಬಳಿ ಇಡಲು ಸಾಧ್ಯವೇ? ಬಿಲ್ವದ ಕುಂಡವನ್ನೂ ಆ ಕಿಟಕಿಯ ಕಡೆಗೆ ಸರಿಸಬಹುದಾದರೆ ನಮ್ಮಿಬ್ಬರಲ್ಲಿ ಯಾರಾದರೂ ಬಂದು ಎತ್ತಿಡುತ್ತೇವೆ. ಅಲ್ಲಿ ಬಿಸಿಲೂ ಚೆನ್ನಾಗಿದೆ. ತಮ್ಮ ಪೂಜೆಯ ಹೊತ್ತಾಗಲಿ ಕ್ರಮವಾಗಲಿ ನಮಗಾಗಿ ಬದಲಾಗುವುದು ಬೇಡ. ಆ ಹೊತ್ತಿನಲ್ಲಿ ನಮ್ಮ ರಸ್ತೆಯ ಕಡೆಯ ಕಿಟಕಿಯನ್ನು ನಾವು ಮುಚ್ಚಿಕೊಂಡು, ಹಿಂದಿನ ಬಾಲ್ಕನಿಯನ್ನು ತೆರೆದುಕೊಳ್ಳುತ್ತೇವೆ.

ಇದು ತಮಗೆ ಅನುಕೂಲವಾಗದಿದ್ದರೆ ದಯವಿಟ್ಟು ತಿಳಿಸಿರಿ, ಬೇರೆ ದಾರಿ ನೋಡೋಣ. ಭಾನುವಾರ ಸಂಜೆ ಮಗುವನ್ನು ವಚನದ ಪಾಠಕ್ಕೆ ಎಂದಿನಂತೆ ಕಳುಹಿಸುತ್ತೇವೆ.

ಮೇಲ್ಮನೆಯ ತಮ್ಮ ಮಕ್ಕಳು.”

ಮೊದಲ ಕರಡಿನಲ್ಲಿ ನೋಟ್‌ಬುಕ್ಕಿನ ಲೆಕ್ಕವೆಲ್ಲ ಇತ್ತು. ‘ತಾವು ಊರಿನಲ್ಲಿ ಇಲ್ಲದ ಐದು ದಿನ ಮಗು ಚೆನ್ನಾಗಿ ಮಲಗಿದ’ ಎಂಬ ವಾಕ್ಯವೂ ಇತ್ತು. ವೈದ್ಯರಿಗೆ ಅತ್ಯಂತ ಉಪಯುಕ್ತವಾದ ಆ ವಾಕ್ಯ ಆ ತಾಯಿಯ ಕಿವಿಗೆ ‘ನೀವಿಲ್ಲದಿದ್ದರೆ ನಮಗೆ ಸುಖ’ ಎಂದು ಕೇಳಿಸುತ್ತದೆ. ಅದನ್ನು ತೆಗೆಸಿದೆವು. ‘ಎಲ್ಲರಿಗೂ ತೊಂದರೆಯಾಗುತ್ತಿದೆ’ ಎಂಬ ಮಾತನ್ನೂ ತೆಗೆಸಿದೆವು. ಉಳಿದ ನಾಲ್ಕು ಮನೆಯವರನ್ನು ಯಾರೂ ಕೇಳಿರಲಿಲ್ಲ, ಕೇಳಿ ಗುಂಪು ಕಟ್ಟಿಕೊಂಡು ಬಂದಂತೆ ತೋರುವುದಂತೂ ಬೇಡವಾಗಿತ್ತು. ಬೇಡಿಕೆ ಎರಡೇ ಇರುವುದು, ಎರಡೂ ಜಾಗಕ್ಕೆ ಸಂಬಂಧಿಸಿರುವುದು ಉದ್ದೇಶಪೂರ್ವಕ. ‘ಸ್ವಲ್ಪ ಗಮನಿಸಿ’ ಎಂದಷ್ಟೇ ಬರೆದರೆ ಓದಿದವರಿಗೆ ಏನು ಮಾಡಬೇಕೆಂದು ತಿಳಿಯದು. ಅವರು ಎಲ್ಲವನ್ನೂ ನಿಲ್ಲಿಸಿಬಿಡಬಹುದು, ಇಲ್ಲವೇ ಏನನ್ನೂ ಮಾಡದಿರಬಹುದು.

ಪತ್ರ ತಲುಪಿಸುವ ಬಗೆಯೂ ಮುಖ್ಯ. ಕಟ್ಟಡದ ವಾಟ್ಸಾಪ್ ಗುಂಪಿಗೆ ಹಾಕುವುದು, ಮೆಟ್ಟಿಲ ಗೋಡೆಗೆ ಅಂಟಿಸುವುದು, ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುವುದು, ಈ ಮೂರೂ ಬೇಡ. ಆ ತಾಯಿಯವರಿಗೆ ಕನ್ನಡಕವಿದ್ದರೂ ಸಣ್ಣಕ್ಷರ ಕಾಣದೆಂದು ದೊಡ್ಡಕ್ಷರದಲ್ಲಿ ಕೈಯಿಂದ ಬರೆದು, ಪೂಜೆಯ ಹೊತ್ತು ಬಿಟ್ಟು ಬೆಳಿಗ್ಗೆ ಹತ್ತು ಗಂಟೆಗೆ ಮನೆಯಾಕೆ ತಾವೇ ಕೊಟ್ಟು, ಕುಳಿತುಕೊಳ್ಳದೆ ಬಂದರು. ಓದುವವರು ತಮ್ಮ ಮುಖಭಾವವನ್ನು ಇನ್ನೊಬ್ಬರೆದುರು ಕಾಪಾಡಿಕೊಳ್ಳಬೇಕಾದ ಒತ್ತಡ ಇರಬಾರದು.

ಎರಡು ದಿನ ಏನೂ ಆಗಲಿಲ್ಲ. ಸಂಜೆಯ ಹೊಗೆ ಮಾತ್ರ ಬರಲಿಲ್ಲ. ಮನೆಯಾಕೆಗೆ ಅನುಮಾನ ಬಂದು ಹೋಗಿ ನೋಡಿದರೆ ತಾಯಿಯವರು ಬೇಸರದಿಂದ ಹೊಸ್ತಿಲು, ಬಾಲ್ಕನಿ ಎರಡರಲ್ಲಿಯೂ ಊದುಬತ್ತಿ ನಿಲ್ಲಿಸಿಬಿಟ್ಟಿದ್ದರು. “ಮಗೂಗೆ ಹಿಂಗಾಗ್ತೈತಿ ಅಂತ ಆರು ತಿಂಗಳು ಒಬ್ಬರೂ ಬಾಯಿ ಬಿಡಲಿಲ್ಲಲ್ಲ” ಎಂಬುದು ಅವರ ನೋವು. ಹೊಗೆಯ ಮಾತಿಗಿಂತ ಆ ಮೌನವೇ ಅವರನ್ನು ಚುಚ್ಚಿತ್ತು. ಅಂದೇ ಇಬ್ಬರೂ ಸೇರಿ ಕುಂಡವನ್ನು ರಸ್ತೆಯ ಕಿಟಕಿಗೆ ಸರಿಸಿದರು. ಹೊಸ್ತಿಲಿಗೆ ಈಗ ರಂಗೋಲಿ ಮತ್ತು ಹೂವು ಮಾತ್ರ. ಕಡ್ಡಿಗಳು ಒಳಗೆ, ಕಿಟಕಿಯ ಪಕ್ಕದ ಮರಳು ತುಂಬಿದ ಬಟ್ಟಲಿನಲ್ಲಿವೆ. ಮಂಗಳಾರತಿಯ ನಂತರ ಅರ್ಧ ಉರಿದ ಕಡ್ಡಿಯ ತುದಿಯನ್ನು ಅದೇ ಮರಳಿನಲ್ಲಿ ಒತ್ತಿ ಆರಿಸುವ ಕ್ರಮವನ್ನು ಅವರೇ ಮಾಡಿಕೊಂಡಿದ್ದಾರೆ. ಅರ್ಧ ಕಡ್ಡಿಗೆ ಅರ್ಧ ಹೊಗೆ.

ಗವಾಕ್ಷಿಯ ತಗಡನ್ನು ತೆಗೆಸಿ, ಮಳೆ ಎರಚದಂತೆ ಓರೆ ಪಟ್ಟಿಗಳ ಜಾಲರಿ ಕೂರಿಸಲು ಕಟ್ಟಡದ ಆರೂ ಮನೆಯವರು ಹಣ ಹಾಕಿದರು. ನಮ್ಮ ಎಣಿಕೆಯಲ್ಲಿ ಇದೇ ಹೆಚ್ಚು ಬಾಳಿಕೆಯ ಕೆಲಸ, ಏಕೆಂದರೆ ನೆಲಮನೆಯವರ ಒಗ್ಗರಣೆಯ ಘಾಟೂ ಈಗ ಅಲ್ಲಿಂದ ಹೊರಹೋಗುತ್ತಿದೆ. ಮುಂದಿನ ಮೂರು ವಾರ ನೋಟ್‌ಬುಕ್ಕು ನಡೆಯಿತು. ಇಪ್ಪತ್ತೊಂದು ರಾತ್ರಿಗಳಲ್ಲಿ ಮಗು ಕೆಮ್ಮಿ ಎದ್ದುದು ನಾಲ್ಕು ರಾತ್ರಿ. ಅವುಗಳಲ್ಲಿ ಎರಡು ನೆಗಡಿ ಹಿಡಿದ ದಿನಗಳು, ಒಂದಕ್ಕೆ ಕಾರಣ ತಿಳಿಯಲಿಲ್ಲ. ಉಳಿದೊಂದು ಸೋಮವಾರ. ಗಾಳಿ ತಿರುಗಿ ರಸ್ತೆಯ ಕಡೆಯ ಸಾಂಬ್ರಾಣಿ ಹೊಗೆ ಮೇಲಿನ ನಡುಮನೆಯ ಕಿಟಕಿಗೇ ಬಂದಿತ್ತು, ಕಿಟಕಿ ಮುಚ್ಚುವುದು ಅಂದು ಮರೆತುಹೋಗಿತ್ತು. ವೈದ್ಯರು ದಿನನಿತ್ಯದ ಇನ್‌ಹೇಲರನ್ನು ಹಾಗೆಯೇ ಮುಂದುವರಿಸಿದ್ದಾರೆ.

ಶ್ರಾವಣದ ಸೋಮವಾರಗಳಿಗೆ ಮಾತ್ರ ಇನ್ನೂ ಪೂರ್ಣ ದಾರಿ ಸಿಕ್ಕಿಲ್ಲ. ಅಂದು ಆರೂ ಮನೆಗಳಲ್ಲಿ ಧೂಪ ಹಚ್ಚುತ್ತಾರೆ, ಮಳೆಗೆ ಕಿಟಕಿಗಳೂ ಮುಚ್ಚಿರುತ್ತವೆ. ಆ ಸಂಜೆಗಳಲ್ಲಿ ಆರರಿಂದ ಎಂಟರವರೆಗೆ ಮಗುವನ್ನು ಹತ್ತಿರದ ಅತ್ತೆಯ ಮನೆಗೆ ಕಳುಹಿಸುವುದೆಂದು ತೀರ್ಮಾನವಾಗಿದೆ. ಅವನನ್ನು ಅಲ್ಲಿಗೆ ಕರೆದೊಯ್ಯುವ ಹೊಣೆಯನ್ನು ಕೆಳಮನೆಯ ದೊಡ್ಡಮ್ಮನವರೇ ಕೇಳಿ ಪಡೆದುಕೊಂಡಿದ್ದಾರೆ. ಆ ನಾಲ್ಕೈದು ಸೋಮವಾರ ಅವರ ಪೂಜೆ ಐದು ಗಂಟೆಗೇ ಮುಗಿಯುತ್ತದೆ.